ಗುರುವಾರ ಬೆಳಗಿನ ಕಾಲ್‌ಗೆ ಬರಲಾಗದು ಎಂದು ಕ್ಯಾಲಿಫೋರ್ನಿಯಾಕ್ಕೆ ತಿಳಿಸುವ ಬಗೆ

ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಪಶ್ಚಿಮ ಕರಾವಳಿಯ ಮ್ಯಾನೇಜರ್ ಒಬ್ಬರಿಗೆ ವರದಿ ಮಾಡುವ ನಮ್ಮಂಥವರಿಗೆ, "ಈ ವಾರದ ಕಾಲ್‌ಗೆ ನಾನು ಬರಲಾಗುವುದಿಲ್ಲ" ಎಂದು ಮೇಲ್ ಬರೆಯುವುದು ಐದು ನಿಮಿಷದ ಕೆಲಸ. ಆದರೆ ಆ ಮೇಲ್‌ನಲ್ಲಿ ಒಂದು ಸಂಗತಿ ಅಸ್ಪಷ್ಟವಾಗಿ ಉಳಿದರೆ, ಅದನ್ನು ತಿಳಿಯಾಗಿಸಲು ಎರಡು ದಿನ ಹಿಡಿಯುತ್ತದೆ. ಇದು ಉತ್ಪ್ರೇಕ್ಷೆಯಲ್ಲ, ಗಡಿಯಾರದ ಲೆಕ್ಕ. ಬೇಸಿಗೆಯ ಹೊತ್ತಿನಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ನಾನು ಬೆಳಿಗ್ಗೆ ಹನ್ನೊಂದಕ್ಕೆ ಕಳಿಸಿದ ಮೇಲ್ ಅಲ್ಲಿಗೆ ಮುಟ್ಟುವಾಗ ಹಿಂದಿನ ದಿನದ ರಾತ್ರಿ ಹತ್ತೂವರೆ. ಮ್ಯಾನೇಜರ್ ಅದನ್ನು ಮರುದಿನ ಬೆಳಿಗ್ಗೆ ಎಂಟಕ್ಕೆ ನೋಡಿದರೆ ನಮಗೆ ಆಗ ರಾತ್ರಿ ಎಂಟೂವರೆ. "ಯಾವ ಗುರುವಾರ?" ಎಂಬ ಒಂದೇ ಸಾಲಿನ ಪ್ರಶ್ನೆಯನ್ನು ಅವರು ಕೇಳಿದರೆ, ಊಟಕ್ಕೆ ಕುಳಿತಿರುವ ನಾನು ಅದನ್ನು ಕಾಣುವುದು ಮಾರನೆಯ ಬೆಳಿಗ್ಗೆ. ನನ್ನ ಉತ್ತರ ಹೋಗುವಾಗ ಅವರಿಗೆ ರಾತ್ರಿ ಒಂಬತ್ತು ದಾಟಿರುತ್ತದೆ, ಓದುವುದು ಇನ್ನೂ ಒಂದು ನಿದ್ದೆಯ ನಂತರ.

ಹೀಗಾಗಿ ಇಂಥ ಮೇಲ್ ಅನ್ನು ನಾನು ಒಂದೇ ಅಳತೆಯಿಂದ ನೋಡುತ್ತೇನೆ: ಓದಿದವರು ಮರುಪ್ರಶ್ನೆ ಕೇಳದೆ ಮುಂದಿನ ಹೆಜ್ಜೆ ಇಡಬಹುದೇ? ವಿನಯ, ಇಂಗ್ಲಿಷಿನ ಸೊಗಸು, ಕ್ಷಮಾಪಣೆಯ ತೂಕ ಇವೆಲ್ಲ ಅದರ ನಂತರದ ಮಾತು. ನಮ್ಮ ತಂಡದ ಕಿರಿಯ ಸಹೋದ್ಯೋಗಿಯೊಬ್ಬರು ಬರೆದ ಒಂದು ಮೇಲ್ ಅನ್ನು ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ಅವರು ಶಿರಸಿ ಕಡೆಯವರು. ಕಳಿಸುವ ಮೊದಲು ಕರಡನ್ನು ನನಗೆ ತೋರಿಸಿದ್ದರು, ಮತ್ತು ಆ ಪ್ರಸಂಗದಲ್ಲಿ ಈ ವಿಷಯದ ಬಹುತೇಕ ಎಲ್ಲ ತೊಡಕುಗಳೂ ಒಟ್ಟಿಗೆ ಸೇರಿದ್ದವು.

ಅವರ ವಾರದ ಕಾಲ್ ಕ್ಯಾಲಿಫೋರ್ನಿಯಾದ ಬುಧವಾರ ಸಂಜೆ ಏಳೂವರೆಗೆ. ಅದು ನಮ್ಮ ಗುರುವಾರ ಬೆಳಿಗ್ಗೆ ಎಂಟು. ತಿಂಗಳುಗಟ್ಟಲೆ ಅದೇ ಎಂಟು ಗಂಟೆಗೆ ಕಾಲ್ ಸೇರಿ ಅಭ್ಯಾಸವಾಗಿತ್ತು. 2025ರ ನವೆಂಬರ್ 6, ಗುರುವಾರ, ಕಾರ್ತಿಕ ಬಹುಳ ಪಾಡ್ಯ, ಅವರ ತಂದೆಯ ತಿಥಿ. ಹಿಂದಿನ ವರ್ಷ ಅದೇ ತಿಥಿ ನವೆಂಬರ್ 16ರ ಶನಿವಾರ ಬಂದಿದ್ದರಿಂದ ಕಚೇರಿಯ ಪ್ರಶ್ನೆಯೇ ಎದ್ದಿರಲಿಲ್ಲ. ಈ ಸಲ ಗುರುವಾರ ಬಿದ್ದರೂ ಅವರಿಗೆ ಆತಂಕವಿರಲಿಲ್ಲ, ಏಕೆಂದರೆ ಭಟ್ಟರು ಮನೆಗೆ ಬರುವುದು ಒಂಬತ್ತಕ್ಕೆ. ಎಂಟಕ್ಕೆ ಅರ್ಧ ಗಂಟೆಯ ಕಾಲ್ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿಟ್ಟು ಸ್ನಾನಕ್ಕೆ ಹೋದರಾಯಿತು ಎಂದು ಲೆಕ್ಕ ಹಾಕಿದ್ದರು. ದೀಪಾವಳಿ ರಜೆ ಮುಗಿಸಿ ಬಂದವರು ಕ್ಯಾಲೆಂಡರಿನಲ್ಲಿ ಮುಂದಿನ ವಾರಕ್ಕೆ ಸರಿಸಿ ನೋಡಿದಾಗ, ಆ ಗುರುವಾರದ ಕಾಲ್ ಎಂಟರಲ್ಲಿ ಇರಲಿಲ್ಲ, ಒಂಬತ್ತಕ್ಕೆ ಸರಿದು ಕುಳಿತಿತ್ತು.

ಅದನ್ನು ಯಾರೂ ಬದಲಿಸಿರಲಿಲ್ಲ. ಅಮೆರಿಕದ ಹೆಚ್ಚಿನ ಭಾಗಗಳಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಈ ದಿನಗಳ ನಿಯಮ 2007ರಿಂದ ಹೀಗೆಯೇ ನಡೆದುಬಂದಿದೆ. 2025ರಲ್ಲಿ ಆ ಭಾನುವಾರ ನವೆಂಬರ್ 2. ಅಲ್ಲಿಯವರೆಗೆ ಹನ್ನೆರಡೂವರೆ ಗಂಟೆಯಿದ್ದ ಅಂತರ ಅಂದಿನಿಂದ ಹದಿಮೂರೂವರೆಯಾಯಿತು. ಭಾರತದಲ್ಲಿ ಗಡಿಯಾರ ಮುಟ್ಟುವ ಪದ್ಧತಿ ಇಲ್ಲ. ಹಾಗಾಗಿ ಎರಡು ಊರುಗಳ ನಡುವಿನ ಮೀಟಿಂಗ್ ಯಾರ ಗಡಿಯಾರಕ್ಕೆ ಕಟ್ಟಿದೆಯೋ ಅವರಿಗೆ ಸಮಯ ಸ್ಥಿರ, ಇನ್ನೊಬ್ಬರಿಗೆ ಜಾರುತ್ತದೆ. ಈ ಇನ್ವೈಟ್ ಅನ್ನು ಸೃಷ್ಟಿಸಿದವರು ಮ್ಯಾನೇಜರ್. ಅದರೊಳಗೆ ಬರೆದಿರುವುದು ಸುಮಾರಾಗಿ ಇಷ್ಟು:

```
DTSTART;TZID=America/Los_Angeles:20250604T193000
RRULE:FREQ=WEEKLY;BYDAY=WE
```

ಲಾಸ್ ಏಂಜಲೀಸ್ ಗಡಿಯಾರದಲ್ಲಿ ಪ್ರತಿ ಬುಧವಾರ ಸಂಜೆ ಏಳೂವರೆ ಎಂದಷ್ಟೇ ಇದರ ಅರ್ಥ. ಬೆಂಗಳೂರಿನ ಎಂಟು ಗಂಟೆ ಎಂಬುದು ಇದರಲ್ಲಿ ಎಲ್ಲಿಯೂ ಇಲ್ಲ, ಅದು ನಮ್ಮ ಪರದೆ ಮಾಡಿ ತೋರಿಸುತ್ತಿದ್ದ ಲೆಕ್ಕ. ಇದೇ ಇನ್ವೈಟ್ ಅನ್ನು ನಮ್ಮ ಸಹೋದ್ಯೋಗಿ Asia/Kolkata ಇಟ್ಟುಕೊಂಡು ಕಳಿಸಿದ್ದರೆ ನಮಗೆ ಎಂಟು ಎಂಟಾಗಿಯೇ ಉಳಿದು, ಮ್ಯಾನೇಜರ್‌ಗೆ ಏಳೂವರೆಯ ಬದಲು ಆರೂವರೆಯಾಗುತ್ತಿತ್ತು. ತೊಡಕು ಅಲ್ಲಿಗೂ ನಿಲ್ಲುವುದಿಲ್ಲ: ತಂಡದಲ್ಲಿ ಲಂಡನ್ನಿನವರೂ ಇದ್ದರೆ ಅವರ ಗಡಿಯಾರ ಅಕ್ಟೋಬರಿನ ಕೊನೆಯ ಭಾನುವಾರವೇ ಹಿಂದೆ ಸರಿದಿರುತ್ತದೆ, ನಡುವಿನ ಒಂದು ವಾರ ಮೂವರ ಲೆಕ್ಕವೂ ಬೇರೆ ಬೇರೆಯಾಗಿರುತ್ತದೆ. ಅಕ್ಟೋಬರ್ ಕೊನೆಯಲ್ಲೂ ಮಾರ್ಚ್ ತಿಂಗಳಲ್ಲೂ ಕಾಲ್ ಕುರಿತ ಯಾವ ಮೇಲ್ ಬರೆಯುವಾಗಲೂ ನೆನಪಿನಲ್ಲಿರುವ ಗಂಟೆಯನ್ನು ನಂಬದೆ, ಕ್ಯಾಲೆಂಡರಿನಲ್ಲಿ ಅದೇ ದಿನದ ಚೌಕವನ್ನು ತೆರೆದು ನೋಡಬೇಕಾದದ್ದು ಇದಕ್ಕಾಗಿ.

ಅಕ್ಟೋಬರ್ 30ರ ಗುರುವಾರ ಅವರು ಬರೆದ ಕರಡನ್ನು ಕನ್ನಡದಲ್ಲಿ ಹೇಳಿದರೆ ಹೀಗಿತ್ತು: "ಊರಿನಲ್ಲಿ ಸ್ವಲ್ಪ ವೈಯಕ್ತಿಕ ಕೆಲಸ ಇರುವುದರಿಂದ ಮುಂದಿನ ಗುರುವಾರ ಬೆಳಗಿನ ಕಾಲ್‌ಗೆ ಬಹುಶಃ ಬರಲಾಗಲಿಕ್ಕಿಲ್ಲ. ನೆಟ್‌ವರ್ಕ್ ಸಿಕ್ಕರೆ ಸೇರಲು ಪ್ರಯತ್ನಿಸುತ್ತೇನೆ. ನಿಮಗಾಗುವ ತೊಂದರೆಗೆ ದಯವಿಟ್ಟು ಕ್ಷಮಿಸಿ. ನಿಮಗೆ ಅನುಕೂಲವಾದ ಬೇರೆ ಸಮಯ ತಿಳಿಸಿದರೆ ಉಪಕಾರವಾಗುತ್ತದೆ." ನಮ್ಮ ಕಣ್ಣಿಗೆ ಇದರಲ್ಲಿ ದೋಷವೇನೂ ಕಾಣುವುದಿಲ್ಲ. ಸಭ್ಯವಾಗಿದೆ, ಒಂದು ವಾರ ಮುಂಚೆಯೇ ತಿಳಿಸಿದ್ದಾಗಿದೆ. ಆದರೆ ಇದನ್ನು ಅಲ್ಲಿನ ಗುರುವಾರ ಬೆಳಿಗ್ಗೆ ಎಂಟಕ್ಕೆ, ರಾತ್ರಿಯಿಡೀ ಭಾರತದಿಂದ ಬಂದು ಬಿದ್ದ ಮೇಲ್‌ಗಳ ನಡುವೆ, ಒಂದು ಕೈಯಲ್ಲಿ ಕಾಫಿ ಹಿಡಿದು ಫೋನಿನಲ್ಲಿ ಓದುವವರ ಜಾಗದಲ್ಲಿ ನಿಂತು ನೋಡಬೇಕು. ಅವರ ಕ್ಯಾಲೆಂಡರಿನಲ್ಲಿ ಗುರುವಾರ ಬೆಳಿಗ್ಗೆ ಈ ತಂಡದ ಜೊತೆ ಯಾವ ಮೀಟಿಂಗೂ ಇಲ್ಲ. ಇರುವುದು ಬುಧವಾರ ಸಂಜೆ. ಅದನ್ನೇ ಹೇಳುತ್ತಿದ್ದಾರೆಂದು ಊಹಿಸಿದರೂ, ಗುರುವಾರದಂದು ಓದುವವರಿಗೆ "ಮುಂದಿನ ಗುರುವಾರ" ಎಂದರೆ ಯಾವುದು ಎಂಬ ಸಂದೇಹ ಉಳಿಯುತ್ತದೆ.

"ನಾಳೆ" ಎಂಬುದಂತೂ ಇನ್ನೂ ಅಪಾಯಕಾರಿ. ಬುಧವಾರ ಮಧ್ಯಾಹ್ನ ನಾವು "ನಾಳೆಯ ಕಾಲ್‌ಗೆ ಬರುವುದಿಲ್ಲ" ಎಂದು ಬರೆದರೆ ಅವರು ಅದನ್ನು ತಮ್ಮ ಬುಧವಾರ ಬೆಳಿಗ್ಗೆ ಓದುತ್ತಾರೆ. ಕಾಲ್ ಇರುವುದು ಅವರ ಪಾಲಿಗೆ ಅಂದೇ ಸಂಜೆ. ನಾಳೆ ಎಂದರೆ ಗುರುವಾರವೆಂದುಕೊಂಡು ಅವರು ಸಂಜೆ ಏಳೂವರೆಗೆ ಕಾಲ್‌ನಲ್ಲಿ ಒಬ್ಬರೇ ಕಾಯುತ್ತಾ ಕುಳಿತಿದ್ದರೆ ಅದು ಅವರ ತಪ್ಪಲ್ಲ.

ಹಾಗಾಗಿ ಮೀಟಿಂಗ್ ಯಾವುದು ಎಂಬುದನ್ನು ಎರಡೂ ಗಡಿಯಾರಗಳಲ್ಲಿ, ವಾರ ಮತ್ತು ದಿನಾಂಕ ಎರಡನ್ನೂ ಸೇರಿಸಿ, ಓದುವವರ ಗಡಿಯಾರವನ್ನು ಮೊದಲು ಇಟ್ಟು ಬರೆಯಬೇಕು. ತಿಂಗಳನ್ನು ಅಕ್ಷರದಲ್ಲೇ ಬರೆಯುವುದು ಕ್ಷೇಮ, ಏಕೆಂದರೆ ನಾವು 5/11 ಎಂದು ಬರೆದ ನವೆಂಬರ್ ಐದು ಅಮೆರಿಕದವರ ಕಣ್ಣಿಗೆ ಮೇ ಹನ್ನೊಂದು. ಸಮಯದ ಮುಂದೆ ಹಾಕುವ ಮೂರಕ್ಷರಗಳ ಬಗ್ಗೆಯೂ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ವರ್ಷವಿಡೀ PST ಎಂದೇ ಬರೆಯುವವರು ನಮ್ಮಲ್ಲಿ ಬಹಳ ಮಂದಿ, ಆದರೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿ ನಡೆಯುವುದು PDT. ಅಕ್ಷರಕ್ಕೆ ಅಂಟಿಕೊಂಡು ಲೆಕ್ಕ ಹಾಕುವವರಿಗೆ ಅಲ್ಲಿ ಒಂದು ಗಂಟೆ ತಪ್ಪುತ್ತದೆ. IST ಎಂಬುದು ನಮಗೆ ಭಾರತದ ಸಮಯವಾದರೂ ಇಸ್ರೇಲಿನವರಿಗೂ ಐರ್ಲೆಂಡಿನವರಿಗೂ ತಮ್ಮದೇ ಸಮಯ. "ಪೆಸಿಫಿಕ್ ಸಮಯ", "ಬೆಂಗಳೂರು ಸಮಯ" ಎಂದು ಬಿಡಿಸಿ ಬರೆದರೆ ಈ ಜಂಜಾಟವೇ ಇಲ್ಲ.

ಕರಡಿನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು "ಬಹುಶಃ" ಮತ್ತು "ಪ್ರಯತ್ನಿಸುತ್ತೇನೆ". ಹಿರಿಯರೊಬ್ಬರಿಗೆ ನೇರವಾಗಿ "ಆಗುವುದಿಲ್ಲ" ಎನ್ನುವುದು ನಮ್ಮ ನಾಲಗೆಗೆ ಒರಟೆನಿಸುತ್ತದೆ. ಅದಕ್ಕೆ ಎಲ್ಲೋ ಒಂದು ಬಾಗಿಲನ್ನು ತೆರೆದಿಟ್ಟು ಮಾತಾಡುತ್ತೇವೆ. ಎದುರಿಗಿರುವವರು ನಮ್ಮವರೇ ಆದರೆ ಆ ಧ್ವನಿ ಅರ್ಥವಾಗುತ್ತದೆ. ಆದರೆ ಏಳೂವರೆಗೆ ಮನೆಯವರ ಊಟದ ಹೊತ್ತನ್ನು ಬಿಟ್ಟು ಕಾಲ್‌ಗೆ ಕೂರಬೇಕಾದ ಮ್ಯಾನೇಜರ್‌ಗೆ ಬೇಕಾಗಿರುವುದು ಕಾಲ್ ಇಡಬೇಕೋ ಬಿಡಬೇಕೋ ಎಂಬ ಒಂದೇ ಉತ್ತರ. "ಪ್ರಯತ್ನಿಸುತ್ತೇನೆ" ಎಂದರೆ ಅವರು ಕಾಲ್ ಅನ್ನು ರದ್ದು ಮಾಡುವಂತಿಲ್ಲ, ನಂಬಿ ಕೂರುವಂತೆಯೂ ಇಲ್ಲ. ಈ ಪ್ರಸಂಗದಲ್ಲಂತೂ ಪ್ರಯತ್ನಕ್ಕೆ ಅರ್ಥವೇ ಇರಲಿಲ್ಲ. ಒಂಬತ್ತಕ್ಕೆ ಮಡಿಯುಟ್ಟು ದರ್ಭೆ ಹಿಡಿದು ಕುಳಿತವರು ನಡುವೆ ಎದ್ದು ಕಾಲ್‌ಗೆ ಸೇರುವುದುಂಟೇ? ನಾನು ಹಾಗೆಂದಾಗ ಅವರೇ ನಕ್ಕರು. "ಸೇರೋದಿಲ್ಲ ಸರ್, ಆದ್ರೆ ಹಾಗೆ ಬರೆದ್ರೆ ಸ್ವಲ್ಪ ಚೆನ್ನಾಗಿರುತ್ತೆ ಅಂತ" ಎಂದರು. ಚೆನ್ನಾಗಿರುತ್ತದೆ, ನಿಜ. ಆದರೆ ಅದು ನಿಜವಲ್ಲ, ಮತ್ತು ಅದರ ಬೆಲೆಯನ್ನು ಇನ್ನೊಬ್ಬರ ಸಂಜೆ ತೆರುತ್ತದೆ.

ಕಾರಣವನ್ನು ಎಷ್ಟು ಹೇಳಬೇಕು ಎಂಬ ಬಗ್ಗೆ ನಾವು ಬಹಳ ಹೊತ್ತು ಚರ್ಚಿಸಿದೆವು. "ವೈಯಕ್ತಿಕ ಕೆಲಸ" ಎಂಬುದು ಸಾಕು ಎನ್ನುವವರಿದ್ದಾರೆ, ಮತ್ತು ಎಷ್ಟೋ ಸಂದರ್ಭಗಳಲ್ಲಿ ಅದು ಸಾಕು ಕೂಡ. ಇಲ್ಲಿ ಸಾಲದು ಎಂದು ನನಗನಿಸಿದ್ದಕ್ಕೆ ಕಾರಣ, ಅದನ್ನು ಓದಿದ ಸಜ್ಜನ ಮ್ಯಾನೇಜರ್ ಮಾಡುವ ಮೊದಲ ಕೆಲಸವೆಂದರೆ "ಒಂದು ಗಂಟೆ ಮುಂಚೆ ಮಾಡೋಣವೇ, ಇಲ್ಲ ಒಂದು ಗಂಟೆ ತಡವಾಗಿ?" ಎಂದು ಕೇಳುವುದು. ಅಲ್ಲಿಗೆ ಮತ್ತೊಂದು ಸುತ್ತು ಶುರುವಾಯಿತು. ಹಾಗೆಂದು ತಿಥಿಯನ್ನು ಪೂರ್ತಿ ವಿವರಿಸಲು ಹೊರಟರೆ ಬೇರೆ ತೊಂದರೆ. ನಮ್ಮವರು ಇಂಗ್ಲಿಷಿನಲ್ಲಿ ಇದನ್ನು ತಂದೆಯ ಸಾವಿನ ವಿಧಿ ಎಂಬಂತೆ ಬರೆದುಬಿಡುತ್ತಾರೆ. ಓದಿದವರು ಮೊನ್ನೆ ಮೊನ್ನೆ ತಂದೆ ತೀರಿಕೊಂಡರೆಂದು ಗಾಬರಿಯಾಗಿ, ಸಂತಾಪದ ಮಾತು ಬರೆದು, ಒಂದು ವಾರ ರಜೆ ತೆಗೆದುಕೊಳ್ಳಿ ಎನ್ನುತ್ತಾರೆ. ವರ್ಷಗಳ ಹಿಂದೆ ತೀರಿಕೊಂಡವರ ಬಗ್ಗೆ ಅಂಥ ಪತ್ರ ಬಂದಾಗ ಉತ್ತರಿಸುವುದು ಇಬ್ಬರಿಗೂ ಮುಜುಗರ. ಕೊನೆಗೆ ನಾವು ಒಪ್ಪಿಕೊಂಡದ್ದು ಮೂರು ಸಂಗತಿಗಳನ್ನು ಹೇಳುವ ಒಂದೇ ವಾಕ್ಯವನ್ನು: ಇದು ಪ್ರತಿವರ್ಷ ಕುಟುಂಬದಲ್ಲಿ ನಡೆಯುವ ಧಾರ್ಮಿಕ ಕಾರ್ಯ, ಅದರ ದಿನವನ್ನು ಚಾಂದ್ರಮಾನ ಪಂಚಾಂಗ ನಿರ್ಧರಿಸುವುದರಿಂದ ಬದಲಿಸಲಾಗದು, ಮಧ್ಯಾಹ್ನ ಎರಡರವರೆಗೆ ಫೋನ್ ನನ್ನ ಬಳಿ ಇರುವುದಿಲ್ಲ. ಮೊದಲನೆಯದು ಗಾಬರಿಯನ್ನು ತಪ್ಪಿಸುತ್ತದೆ, ಎರಡನೆಯದು ದಿನ ಬದಲಿಸುವ ಪ್ರಶ್ನೆಯನ್ನು, ಮೂರನೆಯದು ಗಂಟೆ ಬದಲಿಸುವ ಪ್ರಶ್ನೆಯನ್ನು.

ಇಷ್ಟಾದರೂ ಮುಖ್ಯ ಸಂಗತಿ ಕರಡಿನಲ್ಲಿ ಇರಲೇ ಇಲ್ಲ. ಆ ಕಾಲ್ ಇಟ್ಟಿದ್ದು ಮಾತುಕತೆಗಲ್ಲ. ಪಾವತಿ ವಿಭಾಗದ ಹೊಸ ರಿಲೀಸ್ ನವೆಂಬರ್ 8ರ ಶನಿವಾರ ರಾತ್ರಿ ಹೋಗಬೇಕಿತ್ತು. ಹೋಗಬೇಕೋ ಬೇಡವೋ ಎಂಬ ನಿರ್ಧಾರ ಆ ಕಾಲ್‌ನಲ್ಲಿ ಆಗಬೇಕಿತ್ತು. ನಾನು ಬರುವುದಿಲ್ಲ ಎಂದರೆ ಮ್ಯಾನೇಜರ್ ಕಣ್ಣಿಗೆ ಬೀಳುವುದು ಖಾಲಿ ಕುರ್ಚಿಯಲ್ಲ, ತೂಗಾಡುತ್ತಿರುವ ನಿರ್ಧಾರ. ಆದ್ದರಿಂದ ಮೇಲ್‌ನ ದೊಡ್ಡ ಭಾಗ ಅದಕ್ಕೇ ಸಲ್ಲಬೇಕು. ಟೆಸ್ಟಿಂಗ್ ನೋಡಿಕೊಳ್ಳುವ ಸಹೋದ್ಯೋಗಿ ತಮ್ಮ ಬದಲಿಗೆ ಕಾಲ್ ಸೇರುತ್ತಾರೆ ಎಂದು ಅವರು ಬಾಯಿಮಾತಿನಲ್ಲಿ ಗೊತ್ತುಮಾಡಿಕೊಂಡಿದ್ದರು. ಅದನ್ನು ಬರೆಯುವುದು ಸುಲಭ. ಆದರೆ ಬದಲಿಗೆ ಬಂದವರಿಗೆ ಏನನ್ನು ತೀರ್ಮಾನಿಸುವ ಅಧಿಕಾರವಿದೆ ಎಂಬುದನ್ನು ಬಹುತೇಕರು ಬರೆಯುವುದಿಲ್ಲ. ಆಗ ಕಾಲ್ ನಡೆಯುತ್ತದೆ, ಎಲ್ಲರೂ ಒಳ್ಳೆಯ ಮಾತಾಡುತ್ತಾರೆ, ಕೊನೆಯಲ್ಲಿ "ಅವರು ಬಂದ ಮೇಲೆ ನೋಡೋಣ" ಎಂದು ಮುಗಿಯುತ್ತದೆ. ನನ್ನ ಅನುಭವದಲ್ಲಿ ಇಂಥ ಮೇಲ್‌ಗಳು ಸೋಲುವುದು ಹೆಚ್ಚಾಗಿ ಈ ಜಾಗದಲ್ಲೇ.

ಅಧಿಕಾರವನ್ನು ಬರೆಯಬೇಕಾದರೆ ನಿರ್ಧಾರವನ್ನು ಷರತ್ತಿನ ರೂಪಕ್ಕೆ ತರಬೇಕಾಗುತ್ತದೆ, ಅದಕ್ಕೆ ಸ್ವಲ್ಪ ಯೋಚನೆ ಬೇಕು. ಟೆಸ್ಟಿಂಗ್ ಫಲಿತಾಂಶ ಬುಧವಾರ ಸಂಜೆ ಆರಕ್ಕೆ ಸಿಗುತ್ತದೆ. ಅದು ಕ್ಯಾಲಿಫೋರ್ನಿಯಾದಲ್ಲಿ ಬುಧವಾರ ನಸುಕಿನ ನಾಲ್ಕೂವರೆ, ಎಂದರೆ ಮ್ಯಾನೇಜರ್ ಕಚೇರಿಗೆ ಬರುವ ಮೊದಲೇ ಅವರ ಕೈಯಲ್ಲಿರುತ್ತದೆ. ತೀವ್ರ ದೋಷಗಳು ಒಂದೂ ಉಳಿದಿರದಿದ್ದರೆ ಶನಿವಾರ ರಿಲೀಸ್, ಒಂದೇ ಒಂದು ಉಳಿದಿದ್ದರೂ ನವೆಂಬರ್ 15ರ ಶನಿವಾರಕ್ಕೆ ಮುಂದೂಡಿಕೆ. ಇದಕ್ಕೆ ಮ್ಯಾನೇಜರ್ ಒಪ್ಪಿದರೆ ಬದಲಿಗೆ ಬರುವವರು ಸಂಖ್ಯೆಯನ್ನು ಹೇಳಿದರಾಯಿತು, ಊರಿನಲ್ಲಿರುವವರ ಮಾತಿಗೆ ಯಾರೂ ಕಾಯಬೇಕಾಗಿಲ್ಲ.

ಇನ್ನು ಬೇರೆ ಸಮಯದ ವಿಚಾರ. "ನಿಮಗೆ ಅನುಕೂಲವಾದ ಸಮಯ ತಿಳಿಸಿ" ಎಂಬುದು ಉದಾರವಾಗಿ ಕೇಳಿಸಿದರೂ ಕೆಲಸವನ್ನು ಎದುರಿನವರ ಹೆಗಲಿಗೆ ದಾಟಿಸುತ್ತದೆ. ಅವರು ಸಹಜವಾಗಿ "ಶುಕ್ರವಾರ ಅದೇ ಹೊತ್ತಿಗೆ" ಎನ್ನಬಹುದು. ಅವರ ಶುಕ್ರವಾರ ಸಂಜೆ ಏಳೂವರೆ ನಮಗೆ ಶನಿವಾರ ಬೆಳಿಗ್ಗೆ ಒಂಬತ್ತು. ನಮ್ಮ ಸೋಮವಾರ ಬೆಳಿಗ್ಗೆಯಾದರೆ ಅವರಿಗೆ ಇನ್ನೂ ಭಾನುವಾರ ಸಂಜೆ. ನಮ್ಮ ಬೆಳಿಗ್ಗೆ ಮತ್ತು ಅವರ ಸಂಜೆ ಎರಡೂ ಕೆಲಸದ ದಿನಗಳಾಗಿ ಸಿಗುವುದು ವಾರಕ್ಕೆ ನಾಲ್ಕೇ ಸಲ, ನಮ್ಮ ಮಂಗಳವಾರದಿಂದ ಶುಕ್ರವಾರದವರೆಗೆ. ನಮ್ಮ ರಾತ್ರಿ ಮತ್ತು ಅವರ ಬೆಳಿಗ್ಗೆಯಾದರೆ ಐದೂ ದಿನ ಸಿಗುತ್ತದೆ, ತಾರೀಖೂ ಒಂದೇ ಇರುತ್ತದೆ. ಈ ನಕಾಶೆ ತಲೆಯಲ್ಲಿರುವವರು ನಾವು, ಹಾಗಾಗಿ ಎರಡು ಸಮಯಗಳನ್ನು ಸೂಚಿಸಬೇಕಾದವರೂ ನಾವೇ. ಶಿರಸಿಯಿಂದ ಗುರುವಾರ ರಾತ್ರಿಯ ಬಸ್ಸು ಹತ್ತಿದರೆ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಬೆಂಗಳೂರಿನ ಮನೆಯಿಂದ ಕಾಲ್ ಸೇರಬಹುದು. ಬಸ್ಸು ತಡವಾದರೆ ಎಂಬ ಅಳುಕಿದ್ದರೆ ಶುಕ್ರವಾರ ರಾತ್ರಿ ಹತ್ತು. ಮೂರು ನಾಲ್ಕು ಆಯ್ಕೆ ಕೊಡುವ ಉತ್ಸಾಹವೂ ಬೇಡ, ಓದುವವರು ಪ್ರತಿಯೊಂದನ್ನೂ ತಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಕಾಗುತ್ತದೆ.

ಕೊನೆಗೆ ಹೋದ ಮೇಲ್ ಕನ್ನಡದಲ್ಲಿ ಹೀಗಿರುತ್ತದೆ. ವಿಷಯದ ಸಾಲಿನಲ್ಲಿ: "ಬುಧವಾರ ನವೆಂಬರ್ 5, ಸಂಜೆ 7:30 ಪೆಸಿಫಿಕ್ ಕಾಲ್‌ಗೆ ನಾನು ಇರುವುದಿಲ್ಲ; ರಿಲೀಸ್ ನಿರ್ಧಾರಕ್ಕೆ ತಡೆಯಿಲ್ಲ." ಒಳಗೆ:

"ನಿಮ್ಮ ಬುಧವಾರ ನವೆಂಬರ್ 5ರ ಸಂಜೆ 7:30ಕ್ಕೆ (ಬೆಂಗಳೂರಿನ ಗುರುವಾರ ನವೆಂಬರ್ 6, ಬೆಳಿಗ್ಗೆ 9:00) ಇರುವ ನಮ್ಮ ವಾರದ ಕಾಲ್‌ಗೆ ನಾನು ಬರುವುದಿಲ್ಲ. ಅಂದು ನಮ್ಮ ಮನೆಯಲ್ಲಿ ಪ್ರತಿವರ್ಷದ ಧಾರ್ಮಿಕ ಕಾರ್ಯವಿದೆ. ಅದರ ದಿನ ಚಾಂದ್ರಮಾನ ಪಂಚಾಂಗದಂತೆ ಬರುವುದರಿಂದ ಬದಲಿಸಲಾಗದು, ಬೆಂಗಳೂರಿನ ಮಧ್ಯಾಹ್ನ 2ರವರೆಗೆ ನನ್ನ ಬಳಿ ಫೋನ್ ಇರುವುದಿಲ್ಲ.

"ಕಾಲ್ ಅನ್ನು ಹಾಗೆಯೇ ನಡೆಸಬೇಕೆಂದು ನನ್ನ ಸಲಹೆ. ನನ್ನ ಬದಲು ಟೆಸ್ಟಿಂಗ್ ಲೀಡ್ ಬರುತ್ತಾರೆ. ಫಲಿತಾಂಶ ನಿಮಗೆ ಬುಧವಾರ ಬೆಳಿಗ್ಗೆಯೇ ತಲುಪಿರುತ್ತದೆ. ತೀವ್ರ ದೋಷ ಒಂದೂ ಇಲ್ಲದಿದ್ದರೆ ಶನಿವಾರ ನವೆಂಬರ್ 8ರ ರಿಲೀಸ್‌ಗೆ, ಒಂದಾದರೂ ಇದ್ದರೆ ಶನಿವಾರ ನವೆಂಬರ್ 15ಕ್ಕೆ ಮುಂದೂಡಲು ಅವರು ನನ್ನ ಪರವಾಗಿ ಒಪ್ಪಿಗೆ ಕೊಡಬಹುದು.

"ನನ್ನ ಜೊತೆಯೇ ಮಾತಾಡಬೇಕೆನಿಸಿದರೆ, ನಿಮ್ಮ ಗುರುವಾರ ನವೆಂಬರ್ 6ರ ಸಂಜೆ 7:30 (ಬೆಂಗಳೂರಿನ ಶುಕ್ರವಾರ ಬೆಳಿಗ್ಗೆ 9:00) ಅಥವಾ ಶುಕ್ರವಾರ ನವೆಂಬರ್ 7ರ ಬೆಳಿಗ್ಗೆ 8:30 (ಬೆಂಗಳೂರಿನ ಶುಕ್ರವಾರ ರಾತ್ರಿ 10:00) ನನಗೆ ಸರಿ. ನಿಮ್ಮಿಂದ ಬೇರೆ ಮಾತು ಬರದಿದ್ದರೆ ಮೇಲಿನಂತೆಯೇ ನಡೆಸುತ್ತೇವೆ."

ಕೊನೆಯ ವಾಕ್ಯವನ್ನು ಸೇರಿಸಲು ನಮ್ಮ ಸಹೋದ್ಯೋಗಿಗೆ ಮನಸ್ಸಿರಲಿಲ್ಲ. ಮ್ಯಾನೇಜರ್‌ಗೆ ನಾವೇ ಗಡುವು ಕೊಟ್ಟಂತಾಗುತ್ತದೆ ಎಂಬುದು ಅವರ ಅಳುಕು. ಆದರೆ ಪತ್ರದಲ್ಲಿ ನಿಜವಾಗಿ ಸಮಯ ಉಳಿಸುವುದು ಅದೇ. ಅದಿದ್ದರೆ ಉತ್ತರ ಬರೆಯದಿರುವುದೂ ಒಂದು ಉತ್ತರವಾಗುತ್ತದೆ. ಇಡೀ ವಾರ ಪ್ರವಾಸದಲ್ಲಿರುವ ಮ್ಯಾನೇಜರ್ ಕೂಡ ಓದಿ ಸುಮ್ಮನಿದ್ದರೆ ಕೆಲಸ ನಡೆಯುತ್ತದೆ. ಹಣ, ಒಪ್ಪಂದ, ಗ್ರಾಹಕರಿಗೆ ಕೊಟ್ಟ ಮಾತು ಇಂಥವು ಅಡಗಿರುವ ನಿರ್ಧಾರಗಳಿಗೆ ಮಾತ್ರ ಈ ಸಾಲು ಸಲ್ಲದು. ಅಲ್ಲಿ ಸ್ಪಷ್ಟ ಒಪ್ಪಿಗೆಯನ್ನು ಕೇಳಿಯೇ ಪಡೆಯಬೇಕು. ಕ್ಷಮೆ ಕೇಳುವ ವಾಕ್ಯವನ್ನು ನಾನು ತೆಗೆಸಿದೆ. ವಾರದ ಮುಂಚೆ ತಿಳಿಸಿ, ಬದಲಿ ವ್ಯವಸ್ಥೆ ಮಾಡಿ ರಜೆ ಹಾಕಿದವರು ಕ್ಷಮೆ ಕೇಳಬೇಕಾದದ್ದೇನೂ ಇರುವುದಿಲ್ಲ.

ಮೇಲ್ ಬರೆದರೆ ಕೆಲಸ ಮುಗಿಯಲಿಲ್ಲ, ಕ್ಯಾಲೆಂಡರ್ ಕೂಡ ಅದೇ ಮಾತನ್ನು ಹೇಳಬೇಕು. ಮರುಕಳಿಸುವ ಇನ್ವೈಟ್ ಅನ್ನು ನಿರಾಕರಿಸುವಾಗ ಈ ಒಂದು ಸಲವೋ, ಇಡೀ ಸರಣಿಯೋ ಎಂದು ಅದು ಕೇಳುತ್ತದೆ. ಅವಸರದಲ್ಲಿ ಸರಣಿಯನ್ನು ಒತ್ತಿದರೆ ಮ್ಯಾನೇಜರ್‌ಗೆ ಹೋಗುವ ಸಂದೇಶ ಇನ್ನು ಮುಂದೆ ಎಂದೂ ಬರುವುದಿಲ್ಲ ಎಂಬಂತಿರುತ್ತದೆ. ಬದಲಿಗೆ ಬರುವವರಿಗೆ ಅದೇ ದಿನದ ಇನ್ವೈಟ್ ತಲುಪಿದೆಯೇ ಎಂದು ನೋಡಬೇಕು, ಲಿಂಕ್ ಇಲ್ಲದೆ ಕಾಲ್ ಹೊತ್ತಿಗೆ ಪರದಾಡುವುದು ಸಾಮಾನ್ಯ. ನಾವು ಪೋರ್ಟಲ್‌ನಲ್ಲಿ ಹಾಕಿದ ರಜೆ ಅಲ್ಲಿನವರ ಕ್ಯಾಲೆಂಡರಿನಲ್ಲಿ ತಾನಾಗಿ ಕಾಣುತ್ತದೆ ಎಂದು ನಂಬಿಕೊಂಡಿರುವುದೂ ಬೇಡ. ರಜೆಯ ದಾಖಲೆ ಒಂದು ಕಡೆ, ಕಾಲ್ ಇನ್ನೊಂದು ಕಡೆ.

ಮೇಲ್ ಅನ್ನು ಯಾವಾಗ ಕಳಿಸುವುದು ಎಂಬುದಕ್ಕೂ ಲೆಕ್ಕವಿದೆ. ಬೆಳಿಗ್ಗೆ ಹನ್ನೊಂದಕ್ಕೆ ಬರೆದದ್ದನ್ನು ಆಗಲೇ ಕಳಿಸಿದರೆ, ನಮ್ಮ ಹಗಲಿನಲ್ಲಿ ಹೊರಡುವ ಮೇಲ್‌ಗಳೆಲ್ಲ ಅದರ ಮೇಲೆ ಬಂದು ಕೂರುತ್ತವೆ. ರಾತ್ರಿ ಒಂಬತ್ತಕ್ಕೆ ಹೋಗುವಂತೆ ಶೆಡ್ಯೂಲ್ ಮಾಡಿಟ್ಟರೆ ಅಲ್ಲಿ ಬೆಳಿಗ್ಗೆ ಎಂಟೂವರೆ, ರಾಶಿಯ ಮೇಲ್ಭಾಗದಲ್ಲೇ ಇರುತ್ತದೆ. ನಮ್ಮವರು ಹಾಗೆಯೇ ಮಾಡಿದರು. ಹದಿನೈದು ನಿಮಿಷದಲ್ಲಿ "ಸರಿ, ಹಾಗೆಯೇ ಆಗಲಿ" ಎಂದು ಉತ್ತರ ಬಂತು.

ಮುಂಚೆ ತಿಳಿಸಲು ಸಾಧ್ಯವೇ ಇಲ್ಲದ ಸಂದರ್ಭಗಳ ಲೆಕ್ಕವೇ ಬೇರೆ. ಗುರುವಾರ ನಸುಕಿನ ಆರಕ್ಕೆ ಮಗುವಿಗೆ ಜ್ವರ ಏರಿ ಆಸ್ಪತ್ರೆಗೆ ಓಡಬೇಕಾಯಿತು ಎನ್ನಿ. ನವೆಂಬರಿನಲ್ಲಿ ಆಗ ಕ್ಯಾಲಿಫೋರ್ನಿಯಾದಲ್ಲಿ ಬುಧವಾರ ಸಂಜೆ ನಾಲ್ಕೂವರೆ. ಮ್ಯಾನೇಜರ್ ಎಚ್ಚರವಾಗಿ ಕಂಪ್ಯೂಟರ್ ಮುಂದೆಯೇ ಇರುತ್ತಾರೆ, ಚಾಟ್‌ನಲ್ಲಿ ಎರಡು ಸಾಲು ಹಾಕಿದರೆ ಸಾಕು. ಬೆಳಗಿನ ಕಾಲ್‌ಗಳಿಗೆ ಈ ಅನುಕೂಲ ಇದ್ದೇ ಇರುತ್ತದೆ, ನಮ್ಮ ರಾತ್ರಿಯೆಲ್ಲ ಅವರ ಹಗಲು. ಕಷ್ಟವಿರುವುದು ರಾತ್ರಿ ಹತ್ತರ ಕಾಲ್‌ಗಳಲ್ಲಿ. ಅವು ಅಲ್ಲಿ ಬೆಳಿಗ್ಗೆ ಎಂಟೂವರೆಗೆ ಇರುತ್ತವೆ, ನಮ್ಮ ಸಂಜೆ ನಾಲ್ಕಕ್ಕೆ ಏನಾದರೂ ಎದುರಾದರೆ ಅಲ್ಲಿ ನಡುರಾತ್ರಿ ಎರಡೂವರೆ. ಅವರು ಎದ್ದು ಫೋನ್ ನೋಡುವುದಕ್ಕೂ ಕಾಲ್ ಶುರುವಾಗುವುದಕ್ಕೂ ನಡುವೆ ಸಿಗುವ ಹೊತ್ತು ತೀರ ಕಡಿಮೆ, ಮೇಲ್ ಅನ್ನು ತೆರೆದು ಓದುತ್ತಾರೆಂಬ ಭರವಸೆಯಿಲ್ಲ. ಆಗ ವಿಷಯದ ಸಾಲಿನಲ್ಲೇ ಎಲ್ಲವೂ ಇರಬೇಕು: ಇಂದಿನ 8:30ರ ಕಾಲ್‌ಗೆ ನಾನಿಲ್ಲ, ಬದಲಿಗೆ ಇವರು ಬರುತ್ತಾರೆ. ಅದನ್ನೇ ಚಾಟ್‌ನಲ್ಲೂ ಹಾಕಿ, ಬದಲಿಗೆ ಹೋಗುವವರಿಗೆ ಫೋನ್ ಮಾಡಿ ಹೇಳಬೇಕು. ಅಂಥ ಹೊತ್ತಿನಲ್ಲಿ ಆ ಒಬ್ಬರು ಕಾಲ್ ಶುರುವಾಗುವಾಗ ಅಲ್ಲಿರುವುದು ಯಾವ ಮೇಲ್‌ಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ತಿಥಿಯಂಥವುಗಳಿಗಾದರೆ ವಾರದ ಮುಂಚಿನ ಮೇಲ್‌ಗೂ ಕಾಯಬೇಕಾಗಿಲ್ಲ. ಯುಗಾದಿ ಹೊತ್ತಿಗೆ ಹೊಸ ಪಂಚಾಂಗ ಮನೆಗೆ ಬಂದಾಗ ವರ್ಷದ ಅಂಥ ದಿನಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ತುಂಬಿ, ಮ್ಯಾನೇಜರ್ ಕಣ್ಣಿಗೂ ಕಾಣುವಂತೆ ಇಡಬಹುದು. ಕಳೆದ ವರ್ಷದ ತಾರೀಖಿನಿಂದ ಅಂದಾಜು ಮಾಡಿದರೆ ಮಾತ್ರ ನಡೆಯದು. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಕಾರ್ತಿಕ ಬಹುಳ ಪಾಡ್ಯ ಹಿಂದಕ್ಕೆ ಸರಿಯುವ ಬದಲು ಮುಂದಕ್ಕೆ, ನವೆಂಬರ್ 25ರ ಬುಧವಾರಕ್ಕೆ ಹೋಗುತ್ತದೆ. ಕ್ಯಾಲೆಂಡರಿನಲ್ಲಿ ಅದನ್ನು ತುಂಬುವಾಗ ಇಡೀ ದಿನ ಎಂದು ಗುರುತು ಹಾಕದೆ, ನಮ್ಮ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಎಂದು ಗಂಟೆಗಳನ್ನು ಕೊಟ್ಟು ಇಡುವುದು ಮೇಲು, ಏಕೆಂದರೆ ಇಡೀ ದಿನದ ಗುರುತು ಕೆಲವು ಕ್ಯಾಲೆಂಡರ್‌ಗಳಲ್ಲಿ ನೋಡುವವರ ತಾರೀಖಿಗೇ ಅಂಟಿಕೊಳ್ಳುತ್ತದೆ. ಗಂಟೆ ಕೊಟ್ಟು ಇಟ್ಟರೆ ಅದು ಮ್ಯಾನೇಜರ್‌ಗೆ ನವೆಂಬರ್ 24ರ ಮಂಗಳವಾರ ಸಂಜೆ ಐದೂವರೆಯಿಂದ ನಡುರಾತ್ರಿ ಹನ್ನೆರಡೂವರೆಯವರೆಗೆ ಎಂದು ಸರಿಯಾಗಿಯೇ ಕಾಣಿಸುತ್ತದೆ.